ಐದು ಕಲ್ಲು, ಏಳು ತೂಕ

ಪ್ರಶ್ನೆ: ನಮ್ಮ ಅಜ್ಜ ಪತ್ತಾರಿಕೆ ಮಾಡುತ್ತಿದ್ದರು. ಅವರ ಕಿಸೆಯಲ್ಲಿ ಹಿಡಿಯುವಂಥ ಸಣ್ಣ ತಕ್ಕಡಿ ಮನೆಯಲ್ಲಿದೆ, ಆದರೆ ತೂಕದ ಬೊಟ್ಟುಗಳೆಲ್ಲ ಕಳೆದುಹೋಗಿವೆ. ಗೋಕಾಕಕ್ಕೆ ಹೋದಾಗ ಘಟಪ್ರಭೆಯಲ್ಲಿ ಆರಿಸಿಕೊಂಡು ಬಂದ ಐದು ಹರಳುಗಲ್ಲುಗಳನ್ನು ನನ್ನ ಮಗಳು ಆ ತಕ್ಕಡಿಯಲ್ಲಿ ಒಂದಕ್ಕೊಂದು ತೂಗಿ, ಹಗುರಾದದ್ದರಿಂದ ಭಾರವಾದದ್ದರವರೆಗೆ ಸಾಲಾಗಿ ಇಟ್ಟಳು. ಎಂಟು ಸಲ ತೂಗಬೇಕಾಯಿತು. ಇದಕ್ಕಿಂತ ಕಡಿಮೆ ಸಲ ತೂಗಿ ಹೊಂದಿಸಲು ಬರುತ್ತದೆಯೇ? ಎಲ್ಲಕ್ಕಿಂತ ಕಡಿಮೆ ಎಂದರೆ ಎಷ್ಟು?
— ಓದುಗರೊಬ್ಬರು, ಘೋಡಗೇರಿ

ಉತ್ತರ: ಏಳು. ಕಲ್ಲುಗಳು ಹೇಗೇ ಇರಲಿ, ಏಳು ಸಲ ತೂಗಿದರೆ ಸಾಲು ಖಂಡಿತ ಸಿಗುತ್ತದೆ. ಆರೇ ಸಲದಲ್ಲಿ ಯಾವಾಗಲೂ ಮುಗಿಸಿಕೊಡುತ್ತೇನೆ ಎಂದು ಯಾರೂ ಮಾತು ಕೊಡಲಾರರು. ಏಳರ ದಾರಿ ಮಾತ್ರ ಬಹಳ ಇಕ್ಕಟ್ಟಾದದ್ದು. ನಿಮ್ಮ ಮಗಳು ಆ ದಾರಿ ಬಿಟ್ಟದ್ದು ಬಹುಶಃ ಎರಡನೆಯ ಸಲ ತೂಗುವಾಗಲೇ. ಅದು ಹೇಗೆಂದು ಮುಂದೆ ಹೇಳುತ್ತೇನೆ.

ಮೊದಲು ಎಂಟರ ಲೆಕ್ಕ ನೋಡೋಣ. ಹೆಚ್ಚಿನವರಿಗೆ ತಾನಾಗಿ ಹೊಳೆಯುವ ಕ್ರಮವೆಂದರೆ ಎರಡು ಕಲ್ಲು ತೂಗಿ ಸಾಲು ಮಾಡುವುದು, ಆಮೇಲೆ ಒಂದೊಂದೇ ಕಲ್ಲನ್ನು ಆ ಸಾಲಿನೊಳಗೆ ಸೇರಿಸುತ್ತ ಹೋಗುವುದು. ಜಾಣರು ಸೇರಿಸಬೇಕಾದ ಕಲ್ಲನ್ನು ಸಾಲಿನ ನಡುವಿನ ಕಲ್ಲಿನ ಜೊತೆ ಮೊದಲು ತೂಗುತ್ತಾರೆ, ಅರ್ಧ ಸಾಲು ಒಮ್ಮೆಗೇ ಬಿಟ್ಟುಹೋಗುತ್ತದೆ. ಮೊದಲ ಎರಡಕ್ಕೆ ಒಂದು ಸಲ, ಮೂರನೆಯದಕ್ಕೆ ಎರಡು, ನಾಲ್ಕನೆಯದಕ್ಕೆ ಎರಡು, ಐದನೆಯದಕ್ಕೆ ಮೂರು, ಒಟ್ಟು ಎಂಟು. ಪ್ರತಿಯೊಂದನ್ನೂ ಉಳಿದ ಪ್ರತಿಯೊಂದರ ಜೊತೆ ತೂಗಿದ್ದರೆ ಹತ್ತು ಆಗುತ್ತಿತ್ತು. ಹಾಗಾಗಿ ನಿಮ್ಮ ಮಗಳು ಸುಮ್ಮನೆ ತೂಗಿಲ್ಲ, ಯೋಚನೆ ಮಾಡಿಯೇ ತೂಗಿದ್ದಾಳೆ.

ಈ ಎಂಟರಲ್ಲಿ ದಂಡವಾದದ್ದು ಎಲ್ಲಿ? ಕೊನೆಯ ಕಲ್ಲಿನಲ್ಲಿ. ಮೂರು ಕಲ್ಲಿನ ಸಾಲಿಗೆ ಹೊಸ ಕಲ್ಲು ಸೇರಲು ನಾಲ್ಕು ಸಂದುಗಳಿವೆ: ಎರಡು ತುದಿ, ನಡುವೆ ಎರಡು. ಎರಡು ಸಲ ತೂಗಿದರೆ ಬರಬಹುದಾದ ಉತ್ತರಗಳೂ ನಾಲ್ಕೇ. ಅಳತೆ ಮಾಡಿ ಹೊಲಿದ ಅಂಗಿಯಂತೆ ಒಂದಕ್ಕೊಂದು ಸರಿಯಾಗಿ ಕೂಡುತ್ತದೆ. ನಾಲ್ಕು ಕಲ್ಲಿನ ಸಾಲಿನಲ್ಲಿ ಐದು ಸಂದು. ಎರಡು ಸಲ ತೂಗಿದರೆ ಸಾಲದು, ಮೂರು ಸಲ ತೂಗಿದರೆ ಎಂಟು ಉತ್ತರಗಳಿಗೆ ಜಾಗ ಮಾಡಿ ಐದನ್ನೇ ಬಳಸಿದಂತೆ. ಒಂದೇ ಒಂದು ಸಂದು ಹೆಚ್ಚಾದದ್ದಕ್ಕೆ ಇಡೀ ಒಂದು ತೂಕ ತೆರಬೇಕಾಯಿತು. ಹಾಗಾದರೆ ಪ್ರತಿ ಕಲ್ಲನ್ನೂ ಮೂರರ ಸಾಲಿಗೇ ಸೇರಿಸುವ ಉಪಾಯವೇನಾದರೂ ಇದೆಯೇ? ಇದೆ, ಮತ್ತು ಏಳರ ಗುಟ್ಟೆಲ್ಲ ಅದರಲ್ಲೇ ಇದೆ.

ನಾನು ಈ ಉತ್ತರ ಬರೆಯುವ ಮೊದಲು ಮನೆಯಲ್ಲಿದ್ದ ಐದು ಕಲ್ಲುಗಳನ್ನು ಸಣ್ಣ ತಕ್ಕಡಿಯೊಂದರಲ್ಲಿ ತೂಗಿ ನೋಡಿದೆ. ಕಲ್ಲಿಗೆ ಬಣ್ಣದ ಹೆಸರಿಟ್ಟೆ: ಕರಿ, ಬಿಳಿ, ಕೆಂಪು, ಹಳದಿ, ಬೂದು. ಒಂದೊಂದೂ ಸುಮಾರು 20 ಗ್ರಾಮಿನವು. ಕಣ್ಣಳತೆಯನ್ನು ನಂಬಲಿಲ್ಲ. ಕರಿಕಲ್ಲು ಒಂದು ಘನ ಸೆಂಟಿಮೀಟರಿಗೆ ಹತ್ತಿರ ಹತ್ತಿರ 2.9 ಗ್ರಾಂ ತೂಗಿದರೆ ಬೆಣಚುಕಲ್ಲು 2.65 ಗ್ರಾಂ ಅಷ್ಟೇ ತೂಗುತ್ತದೆ. ದೊಡ್ಡದಾಗಿ ಕಾಣುವ ಬಿಳಿಕಲ್ಲಿಗಿಂತ ಸಣ್ಣ ಕರಿಕಲ್ಲು ಭಾರವಿರಬಹುದು.

ಮೊದಲ ಸಲ ಕರಿ ಮತ್ತು ಬಿಳಿ. ಕರಿಯ ತಟ್ಟೆ ಕೆಳಗಿಳಿಯಿತು. ಎರಡನೆಯ ಸಲ ಈ ಎರಡನ್ನೂ ಮುಟ್ಟದೆ ಬೇರೆ ಜೋಡಿ ತೆಗೆದುಕೊಂಡೆ, ಕೆಂಪು ಮತ್ತು ಹಳದಿ. ಹಳದಿ ಭಾರ. ಮೂರನೆಯ ಸಲ ಎರಡು ಜೋಡಿಗಳ ಭಾರದ ಕಲ್ಲುಗಳನ್ನು ಎದುರುಬದುರು ಇಟ್ಟೆ, ಕರಿ ಮತ್ತು ಹಳದಿ. ಕರಿ ಭಾರ. ಈಗ ಮೂರು ಕಲ್ಲಿನ ಸಾಲೊಂದು ತಾನಾಗಿ ಸಿಕ್ಕಿತು: ಕೆಂಪು, ಹಳದಿ, ಕರಿ. ಬಿಳಿಯ ಬಗ್ಗೆ ಗೊತ್ತಿರುವುದು ಒಂದೇ ಮಾತು, ಅದು ಕರಿಗಿಂತ ಹಗುರ. ಬೂದುಗಲ್ಲು ಇನ್ನೂ ತಕ್ಕಡಿಯನ್ನೇ ಏರಿಲ್ಲ.

ಇಲ್ಲಿ ಎಲ್ಲರ ಕೈಯೂ ಬಿಳಿಯ ಕಡೆ ಹೋಗುತ್ತದೆ. ಅರ್ಧ ಗೊತ್ತಿರುವುದನ್ನು ಮುಗಿಸಿಬಿಟ್ಟರೆ ನಾಲ್ಕರ ಸಾಲು ಸಿದ್ಧವಾಗುತ್ತದಲ್ಲ ಎಂಬ ಆಸೆ. ಆ ಆಸೆಯನ್ನು ತಡೆದು ಬಿಳಿಯನ್ನು ಪಕ್ಕಕ್ಕೆ ಕಾಯಿಸಿ, ಏನೂ ಗೊತ್ತಿಲ್ಲದ ಬೂದುಗಲ್ಲನ್ನು ಮೊದಲು ಎತ್ತಿಕೊಳ್ಳಬೇಕು. ಸಾಲಿನಲ್ಲಿ ಈಗ ಮೂರೇ ಕಲ್ಲು ಇವೆ, ಬೂದುವಿಗೆ ಎರಡು ತೂಕ ಸಾಕು. ನಾಲ್ಕನೆಯ ಸಲ ಬೂದುವನ್ನು ನಡುವಿನ ಹಳದಿಯ ಜೊತೆ ತೂಗಿದೆ, ಬೂದು ಹಗುರ. ಐದನೆಯ ಸಲ ಕೆಂಪಿನ ಜೊತೆ, ಬೂದು ಭಾರ. ಸಾಲು ಈಗ ಕೆಂಪು, ಬೂದು, ಹಳದಿ, ಕರಿ.

ಇನ್ನು ಕಾಯುತ್ತಿದ್ದ ಬಿಳಿಯ ಸರದಿ. ಸಾಲಿನಲ್ಲಿ ನಾಲ್ಕು ಕಲ್ಲಿದ್ದರೂ ಬಿಳಿಯು ಕರಿಗಿಂತ ಹಗುರ ಎಂದು ಮೊದಲ ತೂಕವೇ ಹೇಳಿದೆ. ಹಾಗಾಗಿ ಅದನ್ನು ಸೇರಿಸಬೇಕಾದದ್ದು ಕರಿಯ ಕೆಳಗಿನ ಮೂರರಲ್ಲಿ ಮಾತ್ರ. ಮತ್ತೆ ಮೂರು ಕಲ್ಲು, ನಾಲ್ಕು ಸಂದು, ಎರಡು ತೂಕ. ಆರನೆಯ ಸಲ ಮೂರರ ನಡುವಿನ ಬೂದುವಿನ ಜೊತೆ ತೂಗಿದೆ, ಬಿಳಿ ಭಾರ. ಏಳನೆಯ ಸಲ ಹಳದಿಯ ಜೊತೆ, ಬಿಳಿ ಹಗುರ. ಮುಗಿಯಿತು: ಕೆಂಪು, ಬೂದು, ಬಿಳಿ, ಹಳದಿ, ಕರಿ.

ನಾಲ್ಕನೆಯ ಸಲ ಬೂದು ಹಳದಿಗಿಂತ ಭಾರವಾಗಿದ್ದರೆ ಐದನೆಯ ಸಲ ಅದನ್ನು ಕರಿಯ ಜೊತೆ ತೂಗಬೇಕಿತ್ತು, ಉಳಿದದ್ದೆಲ್ಲ ಹಾಗೆಯೇ. ಒಂದೇ ಒಂದು ಸಂದರ್ಭದಲ್ಲಿ ಆಟ ಬೇಗ ಮುಗಿಯಬಹುದು. ಬೂದು ಕರಿಗಿಂತಲೂ ಭಾರವಾಗಿ ಸಾಲಿನ ತುದಿಗೆ ಹೋಯಿತೆನ್ನಿ. ಆಗ ಬಿಳಿಗೆ ಉಳಿಯುವುದು ಕೆಂಪು, ಹಳದಿ ಎರಡೇ, ಸಂದು ಮೂರೇ. ಬಿಳಿಯನ್ನು ಹಳದಿಯ ಜೊತೆ ತೂಗಿದಾಗ ಅದು ಭಾರವಾದರೆ ಆರಕ್ಕೇ ಕೆಲಸ ಮುಗಿಯುತ್ತದೆ. ಐದು ಕಲ್ಲಿನ ಎಲ್ಲ ಸಾಲುಗಳೂ ಸಮಾನವಾಗಿ ಸಾಧ್ಯ ಎಂದುಕೊಂಡರೆ ಈ ಅದೃಷ್ಟ ಹದಿನೈದರಲ್ಲಿ ಒಂದು ಸಲ ಒದಗುತ್ತದೆ.

ಈಗ ನಿಮ್ಮ ಎರಡನೆಯ ಪ್ರಶ್ನೆ. ಯಾರೋ ಇನ್ನೂ ಜಾಣರು ಬಂದು ಆರೇ ಸಲದಲ್ಲಿ ಮುಗಿಸುವ ದಾರಿ ಕಂಡುಹಿಡಿಯಬಾರದೇಕೆ?

ಐದು ಕಲ್ಲುಗಳನ್ನು ಎಷ್ಟು ಬಗೆಯ ಸಾಲುಗಳಲ್ಲಿ ಇಡಬಹುದು ಎಂದು ಎಣಿಸಿದರೆ ಉತ್ತರ ಅಲ್ಲೇ ಇದೆ. ಈ ಎಣಿಕೆ ನಮ್ಮಲ್ಲಿ ಹಳೆಯದು. 1150ರಲ್ಲಿ ಭಾಸ್ಕರಾಚಾರ್ಯ ಬರೆದ ಲೀಲಾವತಿಯಲ್ಲಿ ದೇವರ ಕೈಗಳಲ್ಲಿ ಆಯುಧ ಬದಲಿಸುವ ಲೆಕ್ಕವಿದೆ. ನಾಲ್ಕು ಕೈಯ ಹರಿಗೆ ನಾಲ್ಕು ಆಯುಧಗಳನ್ನು 24 ಬಗೆಯಲ್ಲಿ ಕೊಡಬಹುದು, ಹತ್ತು ಕೈಯ ಶಂಭುವಿಗೆ ಹತ್ತನ್ನು 36,28,800 ಬಗೆಯಲ್ಲಿ. ಒಂದರಿಂದ ಶುರುಮಾಡಿ ಸಂಖ್ಯೆಗಳನ್ನು ಗುಣಿಸುತ್ತ ಹೋಗುವುದಷ್ಟೆ. ಐದಕ್ಕೆ ಇದು 120. ನೀವು ತಕ್ಕಡಿ ಕೈಗೆ ತೆಗೆದುಕೊಳ್ಳುವ ಮೊದಲು ಈ 120 ಸಾಲುಗಳಲ್ಲಿ ಯಾವುದು ಬೇಕಾದರೂ ನಿಜವಾಗಿರಬಹುದು.

ತಕ್ಕಡಿ ಹೇಳುವುದು ಎರಡೇ ಮಾತು, ಎಡಕ್ಕೆ ಅಥವಾ ಬಲಕ್ಕೆ. ಒಂದು ಸಲ ತೂಗಿದರೆ ಎರಡು ಉತ್ತರ, ಎರಡು ಸಲಕ್ಕೆ ನಾಲ್ಕು, ಮೂರಕ್ಕೆ ಎಂಟು, ಹೀಗೆ ಆರಕ್ಕೆ 64, ಏಳಕ್ಕೆ 128. ಆರು ಸಲದ ಉತ್ತರಗಳನ್ನು ಬರೆದಿಟ್ಟ 64 ಗೂಡುಗಳಲ್ಲಿ 120 ಸಾಲುಗಳನ್ನು ಗೂಡಿಗೊಂದರಂತೆ ಇಡಲು ಬರುವುದಿಲ್ಲ. ಒಂದೇ ಗೂಡಿನಲ್ಲಿ ಎರಡು ಸಾಲು ಸೇರಿಕೊಂಡರೆ ಅವೆರಡರಲ್ಲಿ ನಿಜ ಯಾವುದೆಂದು ಆ ಆರು ಉತ್ತರಗಳು ಹೇಳಲಾರವು. ಒಂದು ತಟ್ಟೆಯಲ್ಲಿ ಎರಡೆರಡು ಕಲ್ಲಿಟ್ಟು ತೂಗಿದರೂ ಈ ಲೆಕ್ಕ ಬದಲಾಗುವುದಿಲ್ಲ, ಏಕೆಂದರೆ ತಟ್ಟೆಯಲ್ಲಿ ಏನೇ ಇದ್ದರೂ ತಕ್ಕಡಿಯ ಮಾತು ಎರಡೇ.

128ರಲ್ಲಿ 120 ಕಳೆದರೆ ಉಳಿಯುವುದು ಎಂಟು. ಏಳು ಸಲದಲ್ಲಿ ಮುಗಿಸಲು ನಮಗಿರುವ ಸಡಿಲ ಅಷ್ಟೇ. ಪ್ರತಿ ಸಲವೂ ಉಳಿದ ಸಾಲುಗಳನ್ನು ಹೆಚ್ಚುಕಡಿಮೆ ಸರಿಪಾಲು ಮಾಡದಿದ್ದರೆ ಆ ಸಡಿಲ ಖರ್ಚಾಗಿಹೋಗುತ್ತದೆ. ಮೊದಲ ತೂಕ 120ನ್ನು 60 ಮಾಡುತ್ತದೆ, ಯಾವ ಎರಡು ಕಲ್ಲು ತೂಗಿದರೂ. ಎರಡನೆಯದು ಮಾತ್ರ ಹಾಗಲ್ಲ. ಬೇರೆ ಜೋಡಿ ತೂಗಿದರೆ 60 ಸರಿಯಾಗಿ 30 ಆಗುತ್ತದೆ. ಮೂರನೆಯ ಕಲ್ಲನ್ನು ಮೊದಲ ಜೋಡಿಯ ಭಾರದ ಕಲ್ಲಿನ ಜೊತೆ ತೂಗಿದಿರೋ, ಮೂರನೆಯದು ಹಗುರವಾದರೆ 40 ಸಾಲುಗಳು ಉಳಿಯುತ್ತವೆ. ಉಳಿದ ಐದು ತೂಕಗಳಿಗೆ ಉತ್ತರ 32 ಮಾತ್ರ. ಅಲ್ಲಿಗೇ ಏಳರ ಭರವಸೆ ಹೋಯಿತು. ಆಮೇಲೆ ಎಷ್ಟೇ ಜಾಣತನ ಮಾಡಿದರೂ, ಅದೃಷ್ಟ ಒಲಿದರೆ ಏಳಕ್ಕೆ ಮುಗಿಯಬಹುದೇ ಹೊರತು ಖಾತ್ರಿಯಿಂದ ಮುಗಿಯುವುದಿಲ್ಲ. ನಿಮ್ಮ ಮಗಳು ಕಲ್ಲುಗಳನ್ನು ಒಂದೊಂದಾಗಿ ಸೇರಿಸಿದ್ದರೆ ದಾರಿ ತಪ್ಪಿದ್ದು ಇಲ್ಲಿಯೇ.

ಮೂರನೆಯ ತೂಕದ ನಂತರ 15 ಸಾಲು ಉಳಿಯುತ್ತವೆ, ಕೈಯಲ್ಲಿ ನಾಲ್ಕು ತೂಕ, 16 ಉತ್ತರ. ಬಿಳಿಯನ್ನೇಕೆ ಕಾಯಿಸಬೇಕು ಎಂಬುದು ಈಗ ಸಂಖ್ಯೆಯಲ್ಲೇ ಕಾಣುತ್ತದೆ. ನಾಲ್ಕನೆಯ ಸಲ ಬಿಳಿಯನ್ನು ಹಳದಿಯ ಜೊತೆ ತೂಗಿದ್ದರೆ, ಅದು ಹಗುರವಾದಾಗ 10 ಸಾಲು ಉಳಿಯುತ್ತಿದ್ದವು. ಮೂರು ತೂಕಕ್ಕೆ ಎಂಟೇ ಉತ್ತರ, ಸಾಲದು. ಬೂದುವನ್ನು ಹಳದಿಯ ಜೊತೆ ತೂಗಿದರೆ ಪಾಲು 8 ಮತ್ತು 7. ಆ ಹಂತದಲ್ಲಿ ಒಂದಕ್ಕೊಂದು ತೂಗಬಹುದಾದ ಎಲ್ಲ ಜೋಡಿಗಳನ್ನೂ ನಾನು ಕಾಗದದ ಮೇಲೆ ಎಣಿಸಿ ನೋಡಿದೆ. ಸರಿಹೊಂದುವುದು ಇದೊಂದೇ. ನನಗೆ ಈ ಲೆಕ್ಕದಲ್ಲಿ ತೀರಾ ಹಿಡಿಸಿದ್ದು ಇದೇ ಜಾಗ. ಅರ್ಧ ತಿಳಿದ ಕಲ್ಲನ್ನು ಬಿಟ್ಟು ಏನೂ ತಿಳಿಯದ ಕಲ್ಲನ್ನು ಎತ್ತಿಕೊಳ್ಳಬೇಕು ಎಂದು ಮನಸ್ಸಿಗೆ ತಾನಾಗಿ ತೋಚುವುದಿಲ್ಲ. ಎಣಿಸಿದ ಮೇಲೆ ಬೇರೆ ದಾರಿಯೇ ಕಾಣುವುದಿಲ್ಲ.

ಐದಕ್ಕೆ ಏಳು ಸಾಕೆಂಬ ಈ ಕ್ರಮವನ್ನು ಎಚ್. ಬಿ. ಡೆಮುತ್ ಎಂಬವರು 1956ರಲ್ಲಿ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾಲಯಕ್ಕೆ ಸಲ್ಲಿಸಿದ ಪಿಎಚ್‌ಡಿ ಪ್ರಬಂಧದಲ್ಲಿ ಬರೆದರು. ಅವರ ಮುಂದಿದ್ದದ್ದು ಕಲ್ಲಲ್ಲ, ಗಣಕಯಂತ್ರದೊಳಗಿನ ಸಂಖ್ಯೆಗಳು. ಮೂರು ವರ್ಷದ ನಂತರ ಫೋರ್ಡ್ ಮತ್ತು ಜಾನ್ಸನ್ ಇದನ್ನು ಎಷ್ಟು ವಸ್ತುಗಳಿಗೆ ಬೇಕಾದರೂ ಹೊಂದುವಂತೆ ಬೆಳೆಸಿದರು. ಎಣಿಕೆ ಯಾವಾಗಲೂ ಇಷ್ಟು ಚೆನ್ನಾಗಿ ಕೂಡಿಬರುವುದಿಲ್ಲ. ಹನ್ನೆರಡು ಕಲ್ಲಿಗೆ ಗೂಡಿನ ಲೆಕ್ಕ 29 ಸಾಕಾಗಬಹುದು ಎನ್ನುತ್ತದೆ, ಆದರೆ 29ರಲ್ಲಿ ಆಗುವುದೇ ಇಲ್ಲ, 30 ಬೇಕೇ ಬೇಕು ಎಂದು 1965ರಲ್ಲಿ ಮಾರ್ಕ್ ವೆಲ್ಸ್ ಗಣಕಯಂತ್ರದಿಂದ ಎಲ್ಲ ದಾರಿಗಳನ್ನೂ ಜಾಲಾಡಿಸಿ ತೋರಿಸಿದರು.

ಇಲ್ಲಿಯವರೆಗೆ ತಕ್ಕಡಿ ಸುಳ್ಳು ಹೇಳುವುದಿಲ್ಲ ಎಂದು ನಂಬಿಕೊಂಡು ಬಂದೆವು. ನನ್ನ ತಕ್ಕಡಿ ಹೇಳಿತ್ತು. ಮೇಲೆ ಬರೆದ ಸಾಲು, ಕೆಂಪು ಮೊದಲು ಬೂದು ಆಮೇಲೆ ಎಂಬುದು, ತಪ್ಪು. ನಿಜವಾಗಿ ಬೂದುವೇ ಎಲ್ಲಕ್ಕಿಂತ ಹಗುರ. ಐದನೆಯ ಸಲದ ಉತ್ತರ ತಿರುವುಮುರುವಾಗಿತ್ತು.

ಬರಿಯ ತಟ್ಟೆಗಳಿದ್ದಾಗ ಮುಳ್ಳು ನೆಟ್ಟಗೆ ನಿಂತಿತ್ತು, ಅದಕ್ಕೇ ಮೋಸಹೋದೆ. ದಂಡದ ಎರಡು ತೋಳುಗಳು ಒಂದೇ ಉದ್ದ ಇರದಿದ್ದರೂ ಗಿಡ್ಡ ತೋಳಿನ ತಟ್ಟೆ ತುಸು ಭಾರವಿದ್ದರೆ ಬರಿಯ ತಕ್ಕಡಿ ಸಮವಾಗಿ ನಿಲ್ಲುತ್ತದೆ. ಕಲ್ಲು ಇಟ್ಟಾಗ ಮಾತ್ರ ಉದ್ದ ತೋಳಿನ ಕಲ್ಲು ಇದ್ದುದಕ್ಕಿಂತ ಭಾರವಾಗಿ ತೋರುತ್ತದೆ. ಒಂದು ತೋಳು 60 ಮಿಲಿಮೀಟರ್ ಉದ್ದವಿದ್ದು ಇನ್ನೊಂದು ತೋಳು ಬರೀ ಅರ್ಧ ಮಿಲಿಮೀಟರ್ ಹೆಚ್ಚಿದ್ದರೆ ಸಾಕು, 20 ಗ್ರಾಮಿನ ಕಲ್ಲಿನಲ್ಲಿ 0.17 ಗ್ರಾಮಿನಷ್ಟು ವ್ಯತ್ಯಾಸ ಮುಚ್ಚಿಹೋಗುತ್ತದೆ. ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಅಂದರೆ ಒಂದು ಗುಲಗಂಜಿಗಿಂತ ಹೆಚ್ಚಿನ ತಪ್ಪು. ನಿಮ್ಮ ಅಜ್ಜ ಬಂಗಾರ ತೂಗುತ್ತಿದ್ದವರು, ಅವರ ತಕ್ಕಡಿ ಇದಕ್ಕಿಂತ ನಿಖರವಾಗಿಯೇ ಇದ್ದೀತು. ಆದರೂ ಇಷ್ಟು ವರ್ಷ ಮೂಲೆಯಲ್ಲಿ ಬಿದ್ದ ತಕ್ಕಡಿಯ ಒಂದು ದಾರದ ಗಂಟು ದಂಡದ ತುದಿಯಲ್ಲಿ ಸರಿದಿದ್ದರೂ ತೋಳಿನ ಅಳತೆ ಬದಲಾಗುತ್ತದೆ.

ಇದನ್ನು ಹಿಡಿಯುವುದು ಸುಲಭ: ಅದೇ ಎರಡು ಕಲ್ಲುಗಳನ್ನು ತಟ್ಟೆ ಬದಲಿಸಿ ಇಟ್ಟು ಇನ್ನೊಮ್ಮೆ ತೂಗಬೇಕು. ಭಾರದ ಕಲ್ಲು ಹೋದ ಕಡೆಗೇ ದಂಡವೂ ವಾಲಿದರೆ ಮಾತನಾಡಿದ್ದು ಕಲ್ಲು. ಕಲ್ಲು ಬದಲಾದರೂ ದಂಡ ಮೊದಲಿನ ಕಡೆಗೇ ವಾಲಿದರೆ ಮಾತನಾಡಿದ್ದು ತೋಳು. ನನ್ನ ಬೂದು-ಕೆಂಪು ಜೋಡಿಯಲ್ಲಿ ಎರಡು ಸಲವೂ ಎಡ ತಟ್ಟೆಯೇ ಇಳಿಯಿತು. ಆಗ ಬಲ ತಟ್ಟೆಗೆ ಒಣ ಮರಳು ಹಾಕಿ, ಎಡದಲ್ಲಿ ಕೆಂಪನ್ನಿಟ್ಟು ಸಮ ಮಾಡಿದೆ. ಮರಳನ್ನು ಮುಟ್ಟದೆ ಕೆಂಪನ್ನು ತೆಗೆದು ಅದೇ ಎಡ ತಟ್ಟೆಯಲ್ಲಿ ಬೂದುವನ್ನಿಟ್ಟೆ. ತಟ್ಟೆ ಕೂದಲೆಳೆಯಷ್ಟು ಮೇಲೆದ್ದಿತು. ಎರಡೂ ಕಲ್ಲು ಒಂದೇ ತೋಳಿನಲ್ಲಿ ನೇತಾಡಿದ್ದರಿಂದ ತೋಳಿನ ದೋಷ ಎರಡಕ್ಕೂ ಸಮ. ಹದಿನೆಂಟನೆಯ ಶತಮಾನದ ಫ್ರೆಂಚ್ ವಿಜ್ಞಾನಿ ಬೋರ್ಡಾ ಅವರ ಹೆಸರಿನಲ್ಲಿ ಈ ಕ್ರಮ ಪ್ರಸಿದ್ಧ.

ಗಮನಿಸಬೇಕಾದ ಸಂಗತಿ ಇನ್ನೊಂದಿದೆ. ಐದನೆಯ ಉತ್ತರ ಸುಳ್ಳಾಗಿದ್ದರೂ ಆರನೆಯದಾಗಲಿ ಏಳನೆಯದಾಗಲಿ ಅದಕ್ಕೆ ಎದುರಾಡಲಿಲ್ಲ. ಎಲ್ಲವೂ ಚೆನ್ನಾಗಿ ಹೊಂದಿಕೊಂಡು ಅಚ್ಚುಕಟ್ಟಾದ ತಪ್ಪು ಸಾಲು ಸಿಕ್ಕಿತು. ಏಳರ ಕ್ರಮದಲ್ಲಿ ಹೀಗೇ ಆಗುತ್ತದೆ. ಮೊದಲೇ ಗೊತ್ತಿರುವುದನ್ನು ಅದು ಎಂದೂ ಎರಡನೆಯ ಸಲ ಕೇಳುವುದಿಲ್ಲ, ಆದ್ದರಿಂದ ಸುಳ್ಳು ಸಿಕ್ಕಿಬೀಳುವ ಅವಕಾಶವೇ ಇಲ್ಲ. ಹತ್ತೂ ಜೋಡಿಗಳನ್ನು ತೂಗುವವರಿಗೆ ಕೆಲವು ಸಲವಾದರೂ ಉತ್ತರಗಳು ಒಂದಕ್ಕೊಂದು ತಾಳೆಯಾಗದೆ ಎಚ್ಚರಿಕೆ ಸಿಗುತ್ತದೆ.

ಹಾಗಂತ ಏಳನ್ನೂ ಮರಳಿ ತೂಗಬೇಕಿಲ್ಲ. ನನ್ನ ಏಳು ತೂಕಗಳನ್ನು ಇನ್ನೊಮ್ಮೆ ನೋಡಿ. ಮೂರನೆಯದು ಹಳದಿ-ಕರಿ, ಐದನೆಯದು ಕೆಂಪು-ಬೂದು, ಆರನೆಯದು ಬೂದು-ಬಿಳಿ, ಏಳನೆಯದು ಬಿಳಿ-ಹಳದಿ. ಕೊನೆಯ ಸಾಲಿನಲ್ಲಿ ಅಕ್ಕಪಕ್ಕ ಕೂತ ನಾಲ್ಕು ಜೋಡಿಗಳೂ ಇವೇ. ಯಾವ ಕ್ರಮದಿಂದ ತೂಗಿದರೂ ಅಕ್ಕಪಕ್ಕದ ಜೋಡಿಗಳು ಒಮ್ಮೆಯಾದರೂ ನೇರವಾಗಿ ಎದುರುಬದುರಾಗಲೇಬೇಕು, ಏಕೆಂದರೆ ಅವುಗಳ ನಡುವೆ ಸಾಕ್ಷಿ ಹೇಳಲು ಬೇರೆ ಕಲ್ಲಿಲ್ಲ. ಆ ನಾಲ್ಕು ನಿಜವಾದರೆ ಸಾಲು ನಿಜ. ಉಳಿದ ಮೂರು ದಾರಿ ಹುಡುಕಲು ಬೇಕಾದವು, ಸಾಲು ಸಿಕ್ಕ ಮೇಲೆ ಅವುಗಳ ಕೆಲಸ ಮುಗಿಯಿತು.

ಆದ್ದರಿಂದ ಮಗಳಿಗೆ ಹೇಳಿ: ಏಳು ಸಲ ತೂಗಿ ಸಾಲು ಮಾಡಲಿ, ಆಮೇಲೆ ಪಕ್ಕಪಕ್ಕದ ನಾಲ್ಕು ಜೋಡಿಗಳನ್ನು ತಟ್ಟೆ ಬದಲಿಸಿ ತೂಗಲಿ. ದಂಡ ಹಟ ಹಿಡಿದು ಒಂದೇ ಕಡೆ ವಾಲಿದ ಜೋಡಿಯಿದ್ದರೆ ಅದಕ್ಕೆ ಮಾತ್ರ ಒಂದು ಹಿಡಿ ಒಣ ಮರಳು ಬೇಕಾಗುತ್ತದೆ.